ಬಿಲ್ಲಿನಲ್ಲಿ ಎರಡು ಮೊತ್ತ: ಖಾಯಂ ಗಿರಾಕಿಗಳಿಗೆ ಸಿಡಿ ತಿಳಿಸಿದ ಬಗೆ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೆ ದಾರ, ಜಿಪ್, ಬಟನ್ ಕೊಡುವ ಅಂಗಡಿ ನನ್ನದು. ಈ ಧಂದೆಯಲ್ಲಿ ಉದ್ರಿ ಇಲ್ಲದೆ ನಡೆಯೋದಿಲ್ಲ. ನನ್ನ ಖಾಯಂ ಗಿರಾಕಿಗಳಿಗೆ 45 ದಿನದ ವಾಯಿದೆ ಇದೆ. ಅದನ್ನು ಹಾಗೇ ಉಳಿಸಿಕೊಂಡು, 10 ದಿನದೊಳಗೆ ರೊಕ್ಕ ಕೊಟ್ಟವರಿಗೆ ಮಾಲಿನ ಬೆಲೆಯಲ್ಲಿ 2% ಸಿಡಿ, ಅಂದರೆ ಕ್ಯಾಶ್ ಡಿಸ್ಕೌಂಟ್, ಕೊಡಲು ಶುರು ಮಾಡಿದೆ. ಲೆಕ್ಕ ಹಾಕೋದು ಸುಲಭವಾಗಿತ್ತು. ವರ್ಷಗಟ್ಟಲೆ ಒಂದೇ ರೂಢಿಯಲ್ಲಿ ಇರುವವರಿಗೆ ಇದನ್ನು ತಿಳಿಸಿ ಹೇಳೋದೇ ದೊಡ್ಡ ಕೆಲಸವಾಯಿತು.

ಎಲ್ಲರೂ ಮೊದಲು ಕೇಳಿದ್ದು ಎರಡೇ ಪ್ರಶ್ನೆ. "ರೇಟು ಏರಿಸಿ ಅದರಲ್ಲೇ ಬಿಡ್ತಿದೀರಾ?" ಮತ್ತೆ "10 ದಿನ ದಾಟಿದ್ರೆ ಬಡ್ಡಿ ಹಾಕ್ತೀರಾ?" ಅದಕ್ಕೇ ಸಿಡಿ ಶುರುವಾದ ತಿಂಗಳು ಯಾವ ಮಾಲಿನ ರೇಟನ್ನೂ ನಾನು ಮುಟ್ಟಲಿಲ್ಲ. ಕೇಳಿದವರ ಮುಂದೆ ಹಿಂದಿನ ತಿಂಗಳ ಅವರದೇ ಬಿಲ್ ಇಟ್ಟು ತೋರಿಸಿದೆ. ವಾಯಿದೆ ಮೊದಲಿನಂತೆ 45 ದಿನವೇ, ಬೇಗ ಕೊಟ್ಟರೆ ಮಾತ್ರ ಉಳಿತಾಯ ಅಂತ ಮೊದಲ ಮಾತಿನಲ್ಲೇ ಹೇಳಿಬಿಡುತ್ತಿದ್ದೆ. ದಂಡದ ಭಯ ಹೋಗದೆ ಲಾಭದ ಮಾತು ಯಾರ ಕಿವಿಗೂ ಬೀಳೋದಿಲ್ಲ.

ಎರಡನೆಯದು ಬಿಲ್ಲಿನ ಬರಹ. "10 ದಿನದೊಳಗೆ 2%" ಅಂತ ಬರೆದರೆ ಗಿರಾಕಿಯೇ ದಿನ ಎಣಿಸಬೇಕು, ಗಿರಾಕಿಯೇ ಶೇಕಡಾ ತೆಗೆಯಬೇಕು. ನಾನು ಬಿಲ್ಲಿನ ಕೆಳಗೆ ತಾರೀಕು ಮತ್ತು ಮೊತ್ತವನ್ನೇ ಹಾಕುತ್ತೇನೆ. ಜೂನ್ 5ರ ಒಂದು ದಾರದ ಬಿಲ್ ನೋಡಿ. ಮಾಲು 60,000, 5% ಜಿಎಸ್‌ಟಿ 3,000, ಒಟ್ಟು 63,000 ರೂಪಾಯಿ. ಅದರ ಕೆಳಗೆ ಎರಡು ಸಾಲು:

ಜೂನ್ 15ರೊಳಗೆ ನಮ್ಮ ಖಾತೆಗೆ ಬಂದರೆ: 61,800
ಆಮೇಲೆ, ಜುಲೈ 20ರೊಳಗೆ: 63,000

ಸಿಡಿ 60,000ದ ಮೇಲೆ, ತೆರಿಗೆಯ ಮೇಲೆ ಅಲ್ಲ. ಅದಕ್ಕೇ ಅದು 1,200. "ನಮ್ಮ ಖಾತೆಗೆ ಬಂದರೆ" ಅನ್ನೋ ಮಾತು ಬೇಕೇ ಬೇಕು. ಇಲ್ಲದಿದ್ದರೆ ಮುಂದಿನ ತಿಂಗಳ ತಾರೀಕಿನ ಚೆಕ್ ಈ ತಿಂಗಳೇ ಕೈಗಿಟ್ಟು ಸಿಡಿ ಕೇಳುವವರು ಇರುತ್ತಾರೆ. ಊರಿನ ಗಿರಾಕಿಗೆ ಮಾಲು ಅದೇ ದಿನ ಆಟೋದಲ್ಲಿ ಹೋಗುತ್ತೆ, ತೊಂದರೆ ಇಲ್ಲ. ಕೊಪ್ಪಳ, ರಾಯಚೂರಿಗೆ ಟ್ರಾನ್ಸ್‌ಪೋರ್ಟ್‌ನಲ್ಲಿ ಹೋಗುವ ಮಾಲಿಗೆ ಎರಡು ದಿನ ಸೇರಿಸಿ ತಾರೀಕು ಹಾಕುತ್ತೇನೆ. ಮಾಲಿನ ಪೆಟ್ಟಿಗೆ ಬಿಚ್ಚಿ ದಾರದ ಬಣ್ಣ ನೋಡದೆ ಯಾರು ರೊಕ್ಕ ಕೊಡ್ತಾರೆ, ಅಲ್ವಾ?

ಈಗ ಮುಖ್ಯ ಪ್ರಶ್ನೆ. ಗಿರಾಕಿಗೆ ಇದು ಲಾಭವೋ ಅಲ್ಲವೋ? ಕೌಲ್ ಬಜಾರಿನ ಕಡೆ ಯೂನಿಟ್ ಇಟ್ಟಿರುವ ಒಬ್ಬರು ನೇರವಾಗಿ ಕೇಳಿದರು: "ಅಣ್ಣಾ, ಎರಡು ಪರ್ಸೆಂಟ್‌ಗೆ ನಾನ್ಯಾಕೆ ರೊಕ್ಕ ಕಟ್ಟಿ ಹಾಕ್ಲಿ?" ವಾರ್ಷಿಕ ಬಡ್ಡಿ ದರದ ಮಾತು ಇಲ್ಲಿ ನಡೆಯೋದಿಲ್ಲ. ನಮ್ಮ ಬಜಾರಿನಲ್ಲಿ ಬಡ್ಡಿ ಅಂದರೆ ತಿಂಗಳಿಗೆ ನೂರಕ್ಕೆ ಎಷ್ಟು ಅಂತ. ಅದೇ ಲೆಕ್ಕದಲ್ಲಿ ಅವರ ಮುಂದೆ ಬರೆದೆ. ಜೂನ್ 15ಕ್ಕೆ ಕೊಡೋದಕ್ಕೂ ಜುಲೈ 20ಕ್ಕೆ ಕೊಡೋದಕ್ಕೂ ನಡುವೆ 35 ದಿನ. ಆ 61,800 ಬ್ಯಾಂಕಿನ ಓವರ್‌ಡ್ರಾಫ್ಟ್‌ನಿಂದ ತೆಗೆದರೆ, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಅಂತ ಹಿಡಿದರೂ 35 ದಿನಕ್ಕೆ ಬಡ್ಡಿ ಸುಮಾರು 720. ನಾನು ಬಿಡೋದು 1,200. ಅವರಿಗೆ 480 ಉಳಿಯುತ್ತೆ. ಅದೇ ರೊಕ್ಕವನ್ನು ನೂರಕ್ಕೆ ಎರಡರ ಕೈಬಡ್ಡಿಗೆ ತಂದರೆ ಬಡ್ಡಿಯೇ 1,440. ಆಗ 240 ಕೈಯಿಂದ ಹೋಗುತ್ತೆ. "ಕೈಬಡ್ಡಿ ತಂದು ನನಗೆ ಕೊಡಬೇಡ್ರಿ, ವಾಯಿದೆಗೇ ಕೊಡ್ರಿ" ಅಂತ ಹೇಳಿದೆ. ಈ ಎರಡನೇ ಮಾತು ಹೇಳಿದ ಮೇಲೆಯೇ ಅವರು ಮೊದಲನೇ ಲೆಕ್ಕವನ್ನು ನಂಬಿದ್ದು. ನೂರಕ್ಕೆ ಸುಮಾರು ಒಂದು ರೂಪಾಯಿ ಅರವತ್ತೈದು ಪೈಸೆಗಿಂತ ಕಡಿಮೆ ಬಡ್ಡಿಗೆ ರೊಕ್ಕ ಸಿಗುವವರಿಗೆ, ಇಲ್ಲವೇ ರೊಕ್ಕ ಸುಮ್ನೆ ಕರೆಂಟ್ ಅಕೌಂಟ್‌ನಲ್ಲಿ ಇರುವವರಿಗೆ ಮಾತ್ರ ಇದು ಲಾಭ. ಹೊರ ರಾಜ್ಯಕ್ಕೆ ಉದ್ರಿಯಲ್ಲಿ ಪ್ಯಾಂಟು ಕಳಿಸಿ ಎರಡು ಮೂರು ತಿಂಗಳು ಕಾಯುವವರನ್ನು ನಾನು ಒತ್ತಾಯ ಮಾಡೋದಿಲ್ಲ.

ನಿಜವಾದ ತೊಡಕು ಇರೋದು ಖಾತೆ ನಡೆಸುವ ರೂಢಿಯಲ್ಲಿ. ನಮ್ಮಲ್ಲಿ ಬಿಲ್ ನೋಡಿ ರೊಕ್ಕ ಕೊಡುವವರು ಕಡಿಮೆ. "ಖಾತೆಗೆ ಐವತ್ತು ಸಾವಿರ ಜಮಾ ಮಾಡ್ಕೊಳ್ರಿ" ಅಂತ ಫೋನ್‌ಪೇ, ಎನ್‌ಇಎಫ್‌ಟಿ ಹಾಕುತ್ತಾರೆ. ಅದು ಯಾವ ಬಿಲ್ಲಿಗೆ? ಹಳೆಯದಕ್ಕೋ ಹೊಸದಕ್ಕೋ? ಇಲ್ಲಿ ಮೊದಲೇ ಮಾತಾಗದಿದ್ದರೆ ಅವರ ಪುಸ್ತಕದಲ್ಲಿ ಸಿಡಿ ಇರುತ್ತೆ, ನನ್ನದರಲ್ಲಿ ಇರೋದಿಲ್ಲ.

ಒಬ್ಬ ಗಿರಾಕಿಯದು ಹಳೆ ಬಾಕಿ 1,40,000 ಇತ್ತು. ಅವರಿಗೂ ಹೊಸ ಬಿಲ್ಲಿಗೆ ಸಿಡಿ ಬೇಕು. ಹಳೆ ಬಾಕಿ ಹಾಗೇ ಬಿಟ್ಟು ಹೊಸ ಬಿಲ್ಲಿಗೆ ಸಿಡಿ ಕೊಟ್ಟರೆ ನಾನು ತಡ ಮಾಡಿದ್ದಕ್ಕೇ ಬಹುಮಾನ ಕೊಟ್ಟಂಗೆ. ಪೂರ್ತಿ ಬಾಕಿ ತೀರಿಸಿದ ಮೇಲೆ ಅಂದರೆ ಅವರಿಗೆ ಅದು ಎಂದೂ ಸಿಗೋದಿಲ್ಲ. ಇಬ್ಬರೂ ಕೂತು ಹಳೆಯದನ್ನು ಬೇರೆ ತೆಗೆದೆವು. ತಿಂಗಳ 5ಕ್ಕೆ 20,000ದಂತೆ ಏಳು ಕಂತು. ಆ ತಿಂಗಳ ಕಂತು ಬಂದಿದ್ದರೆ ಹೊಸ ಬಿಲ್ಲಿಗೆ ಸಿಡಿ ಸಿಗುತ್ತೆ, ಬಂದಿಲ್ಲದಿದ್ದರೆ ಇಲ್ಲ. ಇದನ್ನು ಬಾಯಿ ಮಾತಿಗೆ ಬಿಡದೆ ವಾಟ್ಸಾಪ್‌ನಲ್ಲಿ ಕಳಿಸಿ "ಸರಿ" ಅಂತ ಉತ್ತರ ಬರುವವರೆಗೆ ಕಾದೆ. ರೊಕ್ಕ ಬಂದ ಕೂಡಲೇ "ಇದು ಇಂಥ ನಂಬರಿನ ಬಿಲ್ಲಿಗೆ ಜಮಾ" ಅಂತ ಒಂದು ಸಾಲು ಈಗ ಎಲ್ಲರಿಗೂ ಹೋಗುತ್ತೆ. ಟ್ಯಾಲಿಯಲ್ಲೂ ಜಮಾ ಬಿಲ್‌ವಾರು ಬರೆಯಬೇಕು, ಖಾತೆಗೆ ಒಟ್ಟಿಗೆ ಅಲ್ಲ.

ಇನ್ನು ತಡವಾಗಿ ಕೊಟ್ಟು ಸಿಡಿ ಮುರಿದುಕೊಳ್ಳುವವರು. 15ರ ಬದಲು 24ಕ್ಕೆ 61,800 ಹಾಕುತ್ತಾರೆ, ಏನೂ ಹೇಳೋದಿಲ್ಲ. ಇದಕ್ಕೆ ಅದೇ ದಿನ ಫೋನ್ ಮಾಡಬೇಕು. ತಿಂಗಳು ಬಿಟ್ಟು ಕೇಳಿದರೆ ಜಗಳವಾಗುತ್ತೆ. "ಅಣ್ಣಾ, ರೊಕ್ಕ ಮುಟ್ಟಿತು. ತಾರೀಕು ದಾಟಿತ್ತು ನೋಡ್ರಿ, 1,200 ಬಾಕಿ ತೋರಿಸ್ತದ, ಮುಂದಿನ ಬಿಲ್ಲಿನ ಜೊತೆ ಹಾಕ್ರಿ" ಅಂತ ಮೆತ್ತಗೆ ಹೇಳುತ್ತೇನೆ. ಭಾನುವಾರ ಅಥವಾ ಬ್ಯಾಂಕ್ ರಜೆ ಬಂದರೆ ಮರುದಿನದವರೆಗೆ ಬಿಡುತ್ತೇನೆ, ಅದೂ ಎಲ್ಲರಿಗೂ. ಒಬ್ಬರಿಗೆ ಮಾತ್ರ ಬಿಟ್ಟರೆ ಸಂಜೆಯೊಳಗೆ ಪಕ್ಕದ ಓಣಿಯ ಯೂನಿಟ್‌ಗೆ ಸುದ್ದಿ ಹೋಗಿರುತ್ತೆ. ಎಲ್ಲರೂ ಒಂದೇ ವಾಷಿಂಗ್ ಯೂನಿಟ್‌ನಲ್ಲಿ ಭೇಟಿ ಆಗುವವರು.

ದೊಡ್ಡ ಗಿರಾಕಿಗಳ ಅಕೌಂಟೆಂಟ್‌ಗಳು ಕೇಳಿದ್ದು ಜಿಎಸ್‌ಟಿ ಬಗ್ಗೆ. ಬಿಲ್ ಮಾಡುವಾಗ ರೊಕ್ಕ ಯಾವಾಗ ಬರುತ್ತೆ ಅಂತ ಗೊತ್ತಿರೋದಿಲ್ಲ, ಹಾಗಾಗಿ ಬಿಲ್ಲಿನಲ್ಲೇ ಸಿಡಿ ಕಳೆಯೋದಿಲ್ಲ. ರೊಕ್ಕ ಬಂದ ಮೇಲೆ 1,200ಕ್ಕೆ ತೆರಿಗೆ ಸೇರಿಸದ ಕ್ರೆಡಿಟ್ ನೋಟ್ ಕೊಡುತ್ತೇನೆ. ನಾನು ಕಟ್ಟಿದ 3,000 ತೆರಿಗೆ ಹಾಗೇ ಇರುತ್ತೆ, ಗಿರಾಕಿ ತೆಗೆದುಕೊಂಡ 3,000 ಇನ್‌ಪುಟ್ ಕ್ರೆಡಿಟ್ ಕೂಡ ಹಾಗೇ ಇರುತ್ತೆ. ಸಿಡಿಯ ಪಾಲಿನ 60 ರೂಪಾಯಿ ತೆರಿಗೆಯನ್ನೂ ಇಳಿಸಬಹುದು, ಆದರೆ ಆಗ ಗಿರಾಕಿ ಅಷ್ಟು ಇನ್‌ಪುಟ್ ವಾಪಸ್ ಮಾಡಬೇಕು. 60 ರೂಪಾಯಿಗೆ ಎರಡೂ ಕಡೆ ಅಷ್ಟು ಓಡಾಟ ಬೇಡ ಅನ್ನೋದು ನನ್ನ ಅಭಿಪ್ರಾಯ. ಈ ನೋಟನ್ನು ನಾನು ರೊಕ್ಕ ಬಂದ ದಿನವೇ ಕಳಿಸುತ್ತೇನೆ. ತಿಂಗಳ ಕೊನೆಗೆ ಅಂತ ಇಟ್ಟುಕೊಂಡರೆ ಅಲ್ಲಿಯವರೆಗೆ ಅವರ ಖಾತೆಯಲ್ಲಿ ಆ 1,200 ಬಾಕಿ ಅಂತಲೇ ಕಾಣುತ್ತೆ, ಅಂಗಡಿಯ ಹುಡುಗ ಮತ್ತೆ ಅದನ್ನೇ ಕೇಳಿ ಫೋನ್ ಮಾಡುತ್ತಾನೆ.