ಸ್ಕ್ರೂ ಪಕ್ಕದ ಬಿಳಿ ಮಚ್ಚೆ: ದಿಕ್ಕು ತಿರುಗಿಸಿ ನೋಡಿದ ನನ್ನ ಅನುಭವ

ಬೆನ್ನಿಗೆ ಸ್ಕ್ರೂ ಹಾಕಿಸಿಕೊಂಡ ಪೇಷಂಟ್ ಬಂದರೆ "ಮೆಟಲ್ ಇದೆ, ಸ್ಕ್ಯಾನ್ ಚೆನ್ನಾಗಿ ಬರಲ್ಲ" ಎಂದು ಮೊದಲೇ ಹೇಳಿ ಕೈ ತೊಳೆದುಕೊಳ್ಳುವುದು ನಮ್ಮ ಕಡೆಯ ಸೆಂಟರುಗಳಲ್ಲಿ ರೂಢಿ. ನಾನೂ ಆರೇಳು ವರ್ಷ ಹಾಗೇ ಹೇಳಿದ್ದೇನೆ. ನಮ್ಮದು ಸೆಕೆಂಡ್ ಹ್ಯಾಂಡ್ 1.5 ಟೆಸ್ಲಾ ಎಂಆರ್‌ಐ ಮಷೀನು. ಮೆಟಲ್‌ಗೆಂದೇ ಇರುವ ಸಾಫ್ಟ್‌ವೇರ್ ಪ್ಯಾಕೇಜ್ ಅದರಲ್ಲಿಲ್ಲ. ಹಾಕಿಸೋಣ ಎಂದು ಕೊಟೇಶನ್ ತರಿಸಿದಾಗ ಏಳೆಂಟು ಲಕ್ಷದ ಹತ್ತಿರ ಹೇಳಿದರು. ಮಾಲೀಕರು ಕಾಗದ ಮಡಚಿ ಡ್ರಾಯರಿಗೆ ಹಾಕಿದರು, ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಇರುವ ಸೀಕ್ವೆನ್ಸ್‌ಗಳಲ್ಲೇ ಏನು ಮಾಡಬಹುದು ಎಂದು ಕೂತೆ. ಸುಮಾರು ಒಂದೂವರೆ ವರ್ಷ ಹಿಡಿಯಿತು.

ಇದಕ್ಕೆ ಹಚ್ಚಿದ ಕೇಸನ್ನು ಮೊದಲು ಹೇಳುತ್ತೇನೆ. ಐವತ್ತೈದರ ಆಸುಪಾಸಿನ ಅಮ್ಮ, ಸೊಂಟದ ಎಲ್4-ಎಲ್5 ಮೂಳೆಗಳಿಗೆ ನಾಲ್ಕು ಪೆಡಿಕಲ್ ಸ್ಕ್ರೂ ಹಾಕಿಸಿಕೊಂಡು ಎಂಟು ತಿಂಗಳಾಗಿತ್ತು. ನೋವು ಮತ್ತೆ ಶುರುವಾಗಿದೆ ಎಂದು ಬೇರೆ ಕಡೆ ಎಂಆರ್‌ಐ ಮಾಡಿಸಿದ್ದರು. ಕೊಬ್ಬನ್ನು ಅಳಿಸಿ ನೀರನ್ನು ಬೆಳ್ಳಗೆ ತೋರಿಸುವ ಟಿ2 ಫ್ಯಾಟ್ ಸ್ಯಾಟ್‌ನಲ್ಲಿ ಎಲ್4 ಮೂಳೆ ಡಿಸ್ಕಿಗೆ ತಾಗುವ ಕೆಳಗಿನ ಎಂಡ್‌ಪ್ಲೇಟ್, ಡಿಸ್ಕ್, ಎಲ್5ರ ಮೇಲ್ಭಾಗ ಎಲ್ಲಾ ಬೆಳ್ಳಗೆ ಹೊಳೆಯುತ್ತಿತ್ತು. ಇನ್‌ಫೆಕ್ಷನ್ ಇರಬಹುದು ಎಂದು ರಿಪೋರ್ಟ್. ಆರು ವಾರ ಇಂಜೆಕ್ಷನ್, ಬೇಕಾದರೆ ಮತ್ತೆ ತೆರೆದು ಸ್ಕ್ರೂ ತೆಗೆಯುವುದು ಎಂಬ ಮಾತು ಬಂದಿತ್ತು. ಮಗ ಎರಡು ಲಕ್ಷ ಹೊಂದಿಸುವ ಓಡಾಟದಲ್ಲಿದ್ದ. ಆದರೆ ಜ್ವರ ಇಲ್ಲ, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಬರೀ ನಾಲ್ಕೋ ಐದೋ ಇತ್ತು. ನಮ್ಮ ರೇಡಿಯಾಲಜಿಸ್ಟ್ ಮೇಡಂಗೆ ಅನುಮಾನ ಬಂದು "ಇನ್ನೊಂದು ಸಲ ಮಾಡಿ ನೋಡಪ್ಪ" ಎಂದರು.

ನನ್ನ ಯೋಚನೆ ಸರಳ. ಚಿತ್ರದ ಒಂದು ದಿಕ್ಕನ್ನು ಮಷೀನು ಫ್ರೀಕ್ವೆನ್ಸಿಯಿಂದ, ಇನ್ನೊಂದನ್ನು ಫೇಸ್‌ನಿಂದ ಗುರುತಿಸುತ್ತದೆ. ಮೆಟಲ್ ಪಕ್ಕದಲ್ಲಿ ಮ್ಯಾಗ್ನೆಟಿಕ್ ಫೀಲ್ಡ್ ಕೆಟ್ಟಾಗ ಸಿಗ್ನಲ್ ಜಾರುವುದು ಫ್ರೀಕ್ವೆನ್ಸಿ ದಿಕ್ಕಿನಲ್ಲಿ. ಒಂದು ಕಡೆ ಖಾಲಿಯಾಗಿ ಕಪ್ಪಾಗುತ್ತದೆ, ಜಾರಿದ ಸಿಗ್ನಲ್ಲೆಲ್ಲ ಇನ್ನೊಂದು ಕಡೆ ಗುಡ್ಡೆಬಿದ್ದು ಬೆಳ್ಳಗಾಗುತ್ತದೆ. ಬೆನ್ನನ್ನು ಪಕ್ಕದಿಂದ ತೋರಿಸುವ ಸಾಜಿಟಲ್‌ನಲ್ಲಿ ಫ್ರೀಕ್ವೆನ್ಸಿ ತಲೆಯಿಂದ ಕಾಲಿನ ಕಡೆಗಿದ್ದರೆ ಆ ಗುಡ್ಡೆ ಹೋಗಿ ಬೀಳುವುದು ಸ್ಕ್ರೂವಿನ ಮೇಲೆ ಕೆಳಗೆ, ಅಂದರೆ ನೇರವಾಗಿ ಎಂಡ್‌ಪ್ಲೇಟ್ ಮತ್ತು ಡಿಸ್ಕ್ ಮೇಲೆ. ಡಿಸ್ಕಿನ ಇನ್‌ಫೆಕ್ಷನ್ ಕಾಣಿಸುವುದೂ ಅಲ್ಲೇ. ಹಾಗಾದರೆ ಫ್ರೀಕ್ವೆನ್ಸಿಯನ್ನು ಹಿಂದು-ಮುಂದಿನ ದಿಕ್ಕಿಗೆ ತಿರುಗಿಸಿದರೆ ಗುಡ್ಡೆ ಸ್ಕ್ರೂವಿನ ಉದ್ದಕ್ಕೇ ಸರಿದುಹೋಗಬೇಕು, ಡಿಸ್ಕ್ ಬಿಡುಗಡೆಯಾಗಬೇಕು. ರೋಗ ನಿಜವಾಗಿದ್ದರೆ ಜಾಗ ಬಿಟ್ಟು ಕದಲಬಾರದು.

ತಿರುಗಿಸಿದೆ. ಬಿಳಿ ಅರ್ಧ ಮಾತ್ರ ಕದಲಿತು, ಉಳಿದರ್ಧ ಅಲ್ಲೇ ಕೂತಿತ್ತು. ಸೀನಿಯರ್ ಒಬ್ಬರು "ನೋಡಿದೆಯಾ, ರೋಗವೇ" ಎಂದರು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ತಪ್ಪು ಎಲ್ಲಿದೆ ಎಂದು ಗೊತ್ತಾಗಿದ್ದು ಎಣ್ಣೆ ಡಬ್ಬಿಯಿಂದ. ನಮ್ಮ ಆರ್ಥೋ ಡಾಕ್ಟರು ಹಿಂದೆ ತೆಗೆದಿಟ್ಟಿದ್ದ ಎರಡು ಸ್ಕ್ರೂ ಕೊಟ್ಟರು, ಒಂದು ಟೈಟಾನಿಯಂ, ಒಂದು ಸ್ಟೀಲ್. ಸ್ಟೀಲನ್ನು ಕೈ ಮ್ಯಾಗ್ನೆಟ್ ಹಿಡಿದು ಪರೀಕ್ಷಿಸದೆ ಒಳಗೆ ಒಯ್ಯಬೇಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಪ್ಪುನೀರು ಹಾಕಿ ಸ್ಕ್ರೂವನ್ನು ದಾರದಲ್ಲಿ ತೂಗುಬಿಟ್ಟು, ಪಕ್ಕದಲ್ಲಿ ಸನ್‌ಫ್ಲವರ್ ಎಣ್ಣೆ ತುಂಬಿದ ಸಣ್ಣ ಬಾಟಲಿ ಇಟ್ಟೆ. ಫ್ಯಾಟ್ ಸ್ಯಾಟ್ ಹಾಕಿದರೆ ಎಣ್ಣೆಯೆಲ್ಲ ಕಪ್ಪಾಗಬೇಕು. ಸ್ಕ್ರೂ ಹತ್ತಿರದ ಎಣ್ಣೆ ಮಾತ್ರ ಬಲ್ಬಿನ ಹಾಗೆ ಬೆಳಗುತ್ತಿತ್ತು. ದಿಕ್ಕು ತಿರುಗಿಸಿದೆ, ಅದು ಕದಲಲಿಲ್ಲ.

ಆಗ ಹೊಳೆಯಿತು. ಅದು ಜಾರಿದ ಸಿಗ್ನಲ್ ಅಲ್ಲ, ಸ್ಯಾಚುರೇಟ್ ಆಗದೆ ಉಳಿದ ಕೊಬ್ಬು. ಫ್ಯಾಟ್ ಸ್ಯಾಟ್ ಪಲ್ಸ್ ಕೊಬ್ಬಿನ ಫ್ರೀಕ್ವೆನ್ಸಿಯನ್ನು ಹುಡುಕಿಕೊಂಡು ಹೊಡೆಯುತ್ತದೆ. ಮೆಟಲ್ ಪಕ್ಕದ ಕೊಬ್ಬು ತನ್ನ ಫ್ರೀಕ್ವೆನ್ಸಿ ಬಿಟ್ಟು ಎಲ್ಲೋ ಹೋಗಿರುವಾಗ ಏಟು ತಪ್ಪುತ್ತದೆ. ಫೀಲ್ಡ್ ಕೆಟ್ಟ ಜಾಗ ದೇಹದಲ್ಲೇ ಇರುವುದರಿಂದ, ನಾವು ದಿಕ್ಕು ತಿರುಗಿಸಿದರೂ ಅದು ಬಿಟ್ಟುಹೋಗುವುದಿಲ್ಲ. ಮಜ್ಜೆಯ ತುಂಬ ಕೊಬ್ಬಿರುವ ಬೆನ್ನುಮೂಳೆಯಲ್ಲಿ ಇದು ಥೇಟ್ ಎಡೀಮಾ, ಅಂದರೆ ನೀರು ತುಂಬಿದ ಊತದ ಥರ ಕಾಣುತ್ತದೆ. ಒಂದೇ ಸ್ಕ್ರೂ ಪಕ್ಕ ಎರಡು ಸುಳ್ಳು, ಎರಡನ್ನೂ ಹಿಡಿಯುವ ದಾರಿ ಬೇರೆಬೇರೆ. ಇದೊಂದನ್ನು ಬೇರ್ಪಡಿಸಿಕೊಳ್ಳಲು ನನಗೆ ನಾಲ್ಕು ತಿಂಗಳು ಹೋಯಿತು.

ಆಮೇಲೆ ಫ್ಯಾಟ್ ಸ್ಯಾಟ್ ಬಿಟ್ಟು ಸ್ಟಿರ್ ಎಂಬ ಸೀಕ್ವೆನ್ಸ್‌ಗೆ ಬಂದೆ. ಅದು ಫ್ರೀಕ್ವೆನ್ಸಿ ನೋಡುವುದಿಲ್ಲ, ಪಲ್ಸ್ ಬಿದ್ದ ಮೇಲೆ ಕೊಬ್ಬು ಚೇತರಿಸಿಕೊಳ್ಳುವ ಸಮಯ, ಅಂದರೆ ಅದರ ಟಿ1 ಅನ್ನು ಹಿಡಿದು ಅಳಿಸುತ್ತದೆ. ಡಬ್ಬಿಯ ಎಣ್ಣೆ ಕಪ್ಪಾಯಿತು, ಆದರೆ ಸ್ಟೀಲ್ ಸ್ಕ್ರೂವಿನ ತೀರಾ ಹತ್ತಿರ ಒಂದು ಗೆರೆ ಉಳಿಯಿತು. ಇನ್ವರ್ಶನ್ ಪಲ್ಸಿನ ಬ್ಯಾಂಡ್‌ವಿಡ್ತ್ ಅಷ್ಟು ದೂರ ತಲುಪುತ್ತಿರಲಿಲ್ಲ. ಆ ಪಲ್ಸಿನ ಬ್ಯಾಂಡ್‌ವಿಡ್ತ್ ಅಗಲ ಮಾಡಿದ ಮೇಲೆ ಗೆರೆ ಸಣ್ಣದಾಯಿತು. ಆ ಪಲ್ಸಿನ ನಂತರ ಕಾಯುವ ಸಮಯ, ಟಿಐ, ಪುಸ್ತಕದಲ್ಲಿ 150-170 ಮಿಲಿಸೆಕೆಂಡ್ ಎಂದಿರುತ್ತದೆ. ನಾನು ಕೊನೆಗೆ ಎಷ್ಟಕ್ಕೆ ನಿಲ್ಲಿಸಿದೆ ಎಂದು ಇಲ್ಲಿ ಬರೆಯುವುದಿಲ್ಲ, ಒಂದು ಎಣ್ಣೆ ಬಾಟಲಿ ಇಟ್ಟುಕೊಂಡು ನಿಮ್ಮ ಮಷೀನಿನಲ್ಲಿ ನೀವೇ ಹುಡುಕಿಕೊಳ್ಳಿ.

ಜಾರುವಿಕೆ ತಗ್ಗಿಸಲು ರಿಸೀವರ್ ಬ್ಯಾಂಡ್‌ವಿಡ್ತ್ ಏರಿಸಬೇಕು ಎಂದು ಎಲ್ಲರಿಗೂ ಗೊತ್ತು, ಏರಿಸುವವರು ಕಡಿಮೆ. ನಮ್ಮ ಪ್ರೋಟೋಕಾಲಿನಲ್ಲಿ ಪಿಕ್ಸೆಲ್‌ಗೆ 150 ಹರ್ಟ್ಜ್ ಇತ್ತು. ಮೆಟಲ್ ಹತ್ತಿರ ಫ್ರೀಕ್ವೆನ್ಸಿ 3000 ಹರ್ಟ್ಜ್ ತಪ್ಪಿದೆ ಎಂದುಕೊಳ್ಳಿ, ಸಿಗ್ನಲ್ 20 ಪಿಕ್ಸೆಲ್ ಆಚೆ ಹೋಗಿ ಬೀಳುತ್ತದೆ. 500ಕ್ಕೆ ಏರಿಸಿದರೆ ಆರೇ ಪಿಕ್ಸೆಲ್. ಅದಕ್ಕೆ ಬೆಲೆ ನಾಯ್ಸ್. ಬ್ಯಾಂಡ್‌ವಿಡ್ತ್ ಮೂರು ಪಟ್ಟಿಗಿಂತ ಹೆಚ್ಚಾದರೆ ಸಿಗ್ನಲ್-ನಾಯ್ಸ್ ಅನುಪಾತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸ್ಲೈಸನ್ನು 4 ಮಿ.ಮೀ.ನಿಂದ 3ಕ್ಕೆ ತಂದರೆ ಇನ್ನೂ ಕಾಲು ಭಾಗ ಹೋಗುತ್ತದೆ, ತರದಿದ್ದರೆ ಸ್ಲೈಸಿನಿಂದ ಸ್ಲೈಸಿಗೆ ಆಗುವ ಜಾರುವಿಕೆ ಹಾಗೇ ಉಳಿಯುತ್ತದೆ. ಅದನ್ನು ದಿಕ್ಕು ತಿರುಗಿಸಿ ಹಿಡಿಯಲಾಗುವುದಿಲ್ಲ. ಮೊದಲ ಮೂರು ಪೇಷಂಟ್‌ಗಳ ಚಿತ್ರ ಮರಳು ಎರಚಿದ ಹಾಗಿತ್ತು. ಮೇಡಂ ಫಿಲ್ಮ್ ವಾಪಸ್ ಕಳಿಸಿದರು, ಮೂರೂ ಸ್ಕ್ಯಾನ್ ಪುಕ್ಕಟೆ ಮತ್ತೆ ಮಾಡಬೇಕಾಯಿತು. ಒಂದಕ್ಕೆ ಆರು ಸಾವಿರದಂತೆ ಹದಿನೆಂಟು ಸಾವಿರ ಹೋಯಿತು ಎಂದು ಮಾಲೀಕರು ಇವತ್ತಿಗೂ ಲೆಕ್ಕ ಒಪ್ಪಿಸುತ್ತಾರೆ.

ಫ್ರೀಕ್ವೆನ್ಸಿ ಹಿಂದು-ಮುಂದಕ್ಕೆ ತಿರುಗಿ ಫೇಸ್ ದಿಕ್ಕು ತಲೆ-ಕಾಲಿಗೆ ಬಂದಾಗ ಮೇಲಿನ ಕೆಳಗಿನ ಭಾಗ ಮಡಚಿ ಬೆನ್ನಿನ ಮೇಲೆ ಬೀಳುತ್ತದೆ, ಅದಕ್ಕೆ ನೂರು ಪರ್ಸೆಂಟ್ ಓವರ್‌ಸ್ಯಾಂಪ್ಲಿಂಗ್, ಅಂದರೆ ಆ ದಿಕ್ಕಿನಲ್ಲಿ ಎರಡರಷ್ಟು ಜಾಗ ಅಳೆಯುವುದು ಬೇಕು. ಟೈಮ್ ಎರಡರಷ್ಟಾಯಿತು ಎಂದು ಹಲವರು ಅಲ್ಲೇ ಬಿಟ್ಟುಬಿಡುತ್ತಾರೆ. ಅದೇ ಅಳತೆಯನ್ನು ಮತ್ತೆ ಮತ್ತೆ ತೆಗೆಯುವ ಆವರೇಜನ್ನು ಅರ್ಧಕ್ಕೆ ಇಳಿಸಿ, ಟೈಮೂ ನಾಯ್ಸೂ ಮೊದಲಿನ ಲೆಕ್ಕಕ್ಕೇ ಬರುತ್ತವೆ. ನಮ್ಮಲ್ಲಿ ಇಪ್ಪತ್ತು ನಿಮಿಷದ ಲಂಬಾರ್ ಈಗ ಮೂವತ್ತೈದು ನಿಮಿಷಕ್ಕೆ ನಿಂತಿದೆ. ಹೆಚ್ಚಾದ ಟೈಮೆಲ್ಲ ನಾಯ್ಸ್ ತುಂಬಿಸಿಕೊಳ್ಳಲು ಹೋದದ್ದು. ಜೊತೆಗೆ ಒಂದು ಲಾಭವೂ ಸಿಕ್ಕಿತು. ಹೊಟ್ಟೆಯ ಉಸಿರಾಟ, ಅಯೋರ್ಟಾದ ಬಡಿತ ಇವುಗಳ ನೆರಳು ಬೀಳುವುದು ಫೇಸ್ ದಿಕ್ಕಿನಲ್ಲಿ. ಫೇಸ್ ತಲೆ-ಕಾಲಿಗೆ ಹೋದ ಮೇಲೆ ಆ ನೆರಳು ಬೆನ್ನುಮೂಳೆ ದಾಟುವುದು ನಿಂತಿತು.

ಇದನ್ನು ಕಂಡ ಮೇಲೆ ಲಿವರಿನಲ್ಲೂ ಒಮ್ಮೆ ಮಾಡಿ ನೋಡಿದೆ. ಬ್ರೆಸ್ಟ್ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿದ್ದ ಒಬ್ಬರ ಎಡಗಡೆ ಲೋಬಿನಲ್ಲಿ ದುಂಡನೆಯ ಬಿಳಿ ಚುಕ್ಕೆ ಕಂಡಿತ್ತು. ಅದು ಅಯೋರ್ಟಾದ ನೇರಕ್ಕಿತ್ತು, ಗಾತ್ರವೂ ಅಯೋರ್ಟಾದ್ದೇ, ಅದರ ಮುಂದೆ ಅಷ್ಟೇ ಅಂತರದಲ್ಲಿ ಮಸುಕಾಗಿ ಇನ್ನೊಂದು. ಫೇಸನ್ನು ಎಡ-ಬಲಕ್ಕೆ ತಿರುಗಿಸಿ ನಾಲ್ಕು ನಿಮಿಷದ ಒಂದು ಸೀಕ್ವೆನ್ಸ್ ಓಡಿಸಿದೆ. ಲಿವರ್ ಖಾಲಿ, ಚುಕ್ಕೆ ಅಯೋರ್ಟಾದ ಪಕ್ಕಕ್ಕೆ ಸರಿದಿತ್ತು. ಆಕೆ ಟೇಬಲ್ ಮೇಲೇ ಇದ್ದರು, ಮತ್ತೆ ಕರೆಸುವ ಪ್ರಮೇಯ ಬರಲಿಲ್ಲ. ಉಸಿರಿನ ವಿಷಯಕ್ಕೆ ಹೊಟ್ಟೆ ಮೇಲೆ ಕಟ್ಟುವ ಪಟ್ಟಿಯಲ್ಲಿ ನನ್ನದೊಂದು ಸಣ್ಣ ಉಪಾಯ ಇದೆ, ನಮ್ಮ ಸೆಂಟರಿಗೆ ಬಂದರೆ ಕಟ್ಟಿ ತೋರಿಸುತ್ತೇನೆ.

ಮಟನ್ ಅಂಗಡಿಯಿಂದ ಕಾಲು ತಂದು ಮೂಳೆಗೆ ಡ್ರಿಲ್ ಮಾಡಿ ಸ್ಕ್ರೂ ಕೂರಿಸಿದ್ದೂ ಉಂಟು. ತೂತಿನಲ್ಲಿ ಗಾಳಿ ಸೇರಿ, ಮೆಟಲ್ಲಿನ ಕಪ್ಪು ಯಾವುದು ಗಾಳಿಯ ಕಪ್ಪು ಯಾವುದು ತಿಳಿಯಲಿಲ್ಲ. ಎರಡನೇ ಸಲ ಸಲೈನ್ ಒಳಗೇ ಮುಳುಗಿಸಿ ಸ್ಕ್ರೂ ತಿರುಗಿಸಿದೆ, ಆಗ ಸರಿಬಂತು. ಸ್ಟೀಲಿನ ಕಪ್ಪು ಟೈಟಾನಿಯಂನದರ ಎರಡು ಮೂರು ಪಟ್ಟು ಇತ್ತು. ಹಾಗಾಗಿ ಆಪರೇಷನ್ ಚೀಟಿ ತರದ ಪೇಷಂಟನ್ನು ಈಗ ಟೇಬಲ್ ಹತ್ತಿಸುವುದಿಲ್ಲ. ಸೇಫ್ಟಿಗೂ ಅದು ಬೇಕೇ ಬೇಕು.

ಆ ಅಮ್ಮನನ್ನು ಮತ್ತೆ ಕರೆಸಿದೆವು, ದುಡ್ಡು ತೆಗೆದುಕೊಳ್ಳಲಿಲ್ಲ. ಮೊದಲು ಕೊಬ್ಬನ್ನು ಬೆಳ್ಳಗೆ ತೋರಿಸುವ ಸಾದಾ ಟಿ1 ಚಿತ್ರ. ಫ್ಯಾಟ್ ಸ್ಯಾಟ್‌ನಲ್ಲಿ ಬೆಳಗುತ್ತಿದ್ದ ಜಾಗದಲ್ಲೇ ಮಜ್ಜೆಯ ಕೊಬ್ಬು ತನ್ನ ಬಿಳಿ ಬಿಟ್ಟಿರಲಿಲ್ಲ. ನಿಜವಾದ ಎಡೀಮಾ ಇದ್ದಿದ್ದರೆ ಅಲ್ಲಿ ಕಪ್ಪಾಗಿರಬೇಕಿತ್ತು. ಆಮೇಲೆ ಅಗಲ ಪಲ್ಸಿನ ಸ್ಟಿರ್, ಎರಡು ದಿಕ್ಕಿನಲ್ಲಿ. ಫ್ರೀಕ್ವೆನ್ಸಿ ತಲೆ-ಕಾಲಿಗಿದ್ದಾಗ ಎಂಡ್‌ಪ್ಲೇಟ್ ಮೇಲೆ ಬಾಗಿದ ಒಂದು ಬಿಳಿ ಗೆರೆ. ತಿರುಗಿಸಿದಾಗ ಆ ಗೆರೆ ಸ್ಕ್ರೂ ತುದಿಯ ಮುಂದಕ್ಕೆ ಹೋಗಿತ್ತು, ಡಿಸ್ಕ್ ಶಾಂತವಾಗಿತ್ತು. ಮೇಡಂ ಎರಡು ಚಿತ್ರವನ್ನು ಪಕ್ಕಪಕ್ಕ ಇಟ್ಟು ಐದು ನಿಮಿಷ ಮಾತಾಡಲಿಲ್ಲ. ಆಮೇಲೆ "ಇನ್‌ಫೆಕ್ಷನ್ ಇಲ್ಲ, ಬರೀತೀನಿ" ಎಂದರು. ನಾನು ಈ ಕೆಲಸಕ್ಕೆ ಬಂದು ಹದಿನಾಲ್ಕು ವರ್ಷವಾಯಿತು, ಅಷ್ಟು ಸಂತೋಷ ಇನ್ನಾವ ದಿನವೂ ಆಗಿಲ್ಲ.

ಇಂಥ ಸುಮಾರು ನಲವತ್ತು ಬೆನ್ನು ಮಾಡಿದ್ದೇನೆ. ಒಬ್ಬರಲ್ಲಿ ಬಿಳಿ ಎರಡೂ ದಿಕ್ಕಿನಲ್ಲಿ ಅಲುಗಾಡಲಿಲ್ಲ, ಟಿ1ನಲ್ಲಿ ಕಪ್ಪು, ಸ್ಕ್ರೂವಿನಿಂದ ದೂರ ಸೋಆಸ್ ಸ್ನಾಯುವಿನಲ್ಲೂ ಕೀವು ತುಂಬಿತ್ತು. ಅದು ನಿಜವಾದ ಇನ್‌ಫೆಕ್ಷನ್, ಬೇಗ ಹಿಡಿದೆವು. ಸ್ಟೀಲ್ ಸ್ಕ್ರೂ ಸುತ್ತ ಒಂದು ಸೆಂಟಿಮೀಟರಿನೊಳಗೆ ಏನಿದೆ ಎಂದು ಮಾತ್ರ ನನ್ನ ವಿಧಾನ ಈಗಲೂ ಹೇಳುವುದಿಲ್ಲ. ಸ್ಕ್ರೂ ಸಡಿಲವಾಗಿದೆಯೇ ಎಂಬ ಪ್ರಶ್ನೆ ಬಂದರೆ 140 ಕೆವಿ ಸಿಟಿಗೆ ಕಳಿಸುತ್ತೇವೆ. ಅಲ್ಲೂ ಸ್ಕ್ರೂ ಪಕ್ಕದ ಕಪ್ಪು ಪಟ್ಟೆಯನ್ನು ಸಡಿಲ ಎಂದುಕೊಳ್ಳುವ ಅಪಾಯ ಇದೆ. ಸಡಿಲವಾಗಿದ್ದರೆ ಕಪ್ಪು ಸ್ಕ್ರೂವನ್ನು ಸುತ್ತುವರಿದಿರುತ್ತದೆ, ಪಟ್ಟೆಯಾದರೆ ಮೂಳೆ ದಾಟಿ ಸ್ನಾಯುವಿಗೂ ಚಾಚಿರುತ್ತದೆ.

ಕಾಂಟ್ರಾಸ್ಟ್ ಕೊಡುವವರಿಗೆ ಒಂದು ಮಾತು: ಸ್ಟಿರ್ ಮೊದಲೇ ಮುಗಿಸಿ. ಕಾಂಟ್ರಾಸ್ಟ್‌ನಲ್ಲಿರುವ ಗ್ಯಾಡೋಲಿನಿಯಂ ಹೀರಿದ ಜಾಗದ ಟಿ1 ಇಳಿದು ಕೊಬ್ಬಿನ ಹತ್ತಿರ ಬಂದರೆ ಸ್ಟಿರ್ ಅದನ್ನೂ ಅಳಿಸಿಬಿಡುತ್ತದೆ. ಕಾಂಟ್ರಾಸ್ಟ್ ಆದಮೇಲೆ ಫ್ಯಾಟ್ ಸ್ಯಾಟ್ ಟಿ1 ಹಾಕಬೇಡಿ, ಉಳಿದ ಕೊಬ್ಬು ಕೀವಿನ ಗೋಡೆಯ ಹಾಗೆ ಕಾಣುತ್ತದೆ. ಮುಂಚೆ ಒಂದು, ಆಮೇಲೆ ಒಂದು ಸಾದಾ ಟಿ1 ತೆಗೆದು ಕಳೆಯಿರಿ. ಪೇಷಂಟ್ ನಡುವೆ ಅಲುಗಾಡಿದ್ದರೆ ಆ ವ್ಯತ್ಯಾಸದಲ್ಲೂ ಬಿಳಿ ಅಂಚು ಏಳುತ್ತದೆ, ಕಳೆಯುವ ಮೊದಲು ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿಕೊಳ್ಳಿ.

ಅಮ್ಮನ ನೋವು ಮೇಲಿನ ಎಲ್3-ಎಲ್4ರ ಫ್ಯಾಸೆಟ್ ಕೀಲಿನದ್ದು ಎಂದು ಆಮೇಲೆ ಗೊತ್ತಾಯಿತು. ಅಲ್ಲಿಗೆ ಒಂದು ಇಂಜೆಕ್ಷನ್ ಕೊಟ್ಟರು. ಹೋದ ತಿಂಗಳು ತಂಗಿಯನ್ನು ಕರೆದುಕೊಂಡು ಸ್ಕ್ಯಾನಿಗೆ ಬಂದಿದ್ದರು, ನಡೆದುಕೊಂಡೇ.