ಮೀನ್ ವ್ಯಾಲ್ಯೂ ಥಿಯರಮ್: c ಹುಡುಕುವ ಮೊದಲು ನಾನು ಪಟ್ಟಿ ಮಾಡಿಕೊಳ್ಳುವ ಬಿಂದುಗಳು

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಬಸ್ಸು ಒಂದು ಗಂಟೆಯಲ್ಲಿ ಅಷ್ಟು ದೂರ ಹೋಗಿದ್ದರೆ, ದಾರಿಯಲ್ಲಿ ಎಲ್ಲೋ ಒಂದು ಕ್ಷಣ ಅದರ ವೇಗ ಸರಿಯಾಗಿ ಗಂಟೆಗೆ 45 ಕಿ.ಮೀ. ಆಗಿರಲೇಬೇಕು. ಪ್ರಮೇಯ ಹೇಳುವುದೂ ಇದನ್ನೇ. f ಎಂಬ ಫಂಕ್ಷನ್ [a, b] ಮೇಲೆ ಕಂಟಿನ್ಯೂಯಸ್ ಆಗಿದ್ದು, (a, b) ಒಳಗೆ ಎಲ್ಲ ಕಡೆ ಡಿಫರೆನ್ಷಿಯಬಲ್ ಆಗಿದ್ದರೆ, f'(c) = (f(b) − f(a))/(b − a) ಆಗುವ c ಒಂದಾದರೂ a ಮತ್ತು b ನಡುವೆ ಸಿಗುತ್ತದೆ.

ಬಿ.ಎಸ್ಸಿ. ಓದುವವರಿಗೆ ಇಲ್ಲಿ ಮಂಡ್ಯದಲ್ಲಿ ಪಾಠ ಹೇಳುವಾಗ ನಾನು ಸಮೀಕರಣ ಬಿಡಿಸುವುದಕ್ಕೆ ಹೆಚ್ಚು ಹೊತ್ತು ಕೊಡುವುದಿಲ್ಲ. ‘ಕಂಟಿನ್ಯೂಯಸ್, ಡಿಫರೆನ್ಷಿಯಬಲ್’ ಎಂದು ಅಭ್ಯಾಸಬಲದಿಂದ ಬರೆದುಬಿಡುವ ಆ ಒಂದು ಸಾಲಿನಲ್ಲೇ ಲೆಕ್ಕ ಕೆಡುತ್ತದೆ. ಅದಕ್ಕೇ ಮೊದಲು ತೊಂದರೆ ಕೊಡಬಹುದಾದ ಬಿಂದುಗಳನ್ನು ಪಟ್ಟಿ ಮಾಡಿಸುತ್ತೇನೆ: ಛೇದ ಸೊನ್ನೆಯಾಗುವ ಕಡೆ, ಮೂಲಚಿಹ್ನೆಯ ಒಳಗಿನದು ಸೊನ್ನೆಯಾಗುವ ಕಡೆ, ಮಾಡ್ಯುಲಸ್ಸಿನ ಒಳಗಿನದು ಸೊನ್ನೆಯಾಗುವ ಕಡೆ, ಸೂತ್ರ ಬದಲಾಗುವ ಕಡೆ. ಬಹುಪದವಾದರೆ ಪಟ್ಟಿ ಖಾಲಿ, ಮುಂದೆ ಹೋಗಬಹುದು.

ಪಟ್ಟಿಯಲ್ಲಿರುವ ಬಿಂದು ಇಂಟರ್ವಲ್ಲಿನ ಹೊರಗಿದ್ದರೆ ಹೊಡೆದುಹಾಕಿ. ತುದಿಯಲ್ಲಿದ್ದರೆ ಕಂಟಿನ್ಯೂಯಿಟಿ ಮಾತ್ರ ನೋಡಿ, ಅದೂ ಒಳಗಿನ ಬದಿಯಿಂದ. ಒಳಗೇ ಇದ್ದರೆ ಎರಡನ್ನೂ ನೋಡಲೇಬೇಕು. √x ಅನ್ನು [0, 4] ಮೇಲೆ ತೆಗೆದುಕೊಳ್ಳಿ. 0 ಯಲ್ಲಿ ಡಿರೈವೇಟಿವ್ ಇಲ್ಲ ಎಂದು ಹಲವರು ಅಲ್ಲೇ ಪೆನ್ನು ಕೆಳಗಿಡುತ್ತಾರೆ. ಆದರೆ 0 ತುದಿಯ ಬಿಂದು. ಅಲ್ಲಿ ಡಿರೈವೇಟಿವ್ ಬೇಕೆಂದು ಪ್ರಮೇಯ ಕೇಳುವುದೇ ಇಲ್ಲ. ಸರಾಸರಿ ಇಳಿಜಾರು 2/4 = 1/2. ಆದ್ದರಿಂದ 1/(2√c) = 1/2, ಅಂದರೆ c = 1.

ಈಗ x^(2/3) ಅನ್ನು [−1, 8] ಮೇಲೆ ನೋಡೋಣ. f(−1) = 1, f(8) = 4, ಸರಾಸರಿ ಇಳಿಜಾರು 3/9 = 1/3. f'(x) = 2/(3x^(1/3)). ಇದನ್ನು 1/3 ಕ್ಕೆ ಸಮ ಮಾಡಿದರೆ x^(1/3) = 2, x = 8. ಉತ್ತರ ಬಂತು ಅನ್ನಿಸುತ್ತದೆ, ಆದರೆ 8 ತುದಿಯಲ್ಲಿದೆ. c ಇರಬೇಕಾದದ್ದು (−1, 8) ಒಳಗೆ. ಬೇರೆ ಪರಿಹಾರ ಇಲ್ಲ, ಹಾಗಾಗಿ ಇಲ್ಲಿ c ಇಲ್ಲವೇ ಇಲ್ಲ. ಕಾರಣ 0: ಅದು ಇಂಟರ್ವಲ್ಲಿನ ಒಳಗಿದೆ, ಅಲ್ಲಿ ಗ್ರಾಫಿಗೆ ಚೂಪಾದ ಮೊನೆ ಇದೆ. ಪಟ್ಟಿ ಮಾಡಿದ್ದರೆ ಸಮೀಕರಣ ಬರೆಯುವ ಮೊದಲೇ ಇದು ಗೊತ್ತಾಗುತ್ತಿತ್ತು.

ಸೂತ್ರ ಬದಲಾಗುವ ಫಂಕ್ಷನ್‌ಗಳಲ್ಲಿ ಮೋಸ ಇನ್ನೂ ಸೂಕ್ಷ್ಮ. x ≤ 1 ಇರುವಾಗ f(x) = x², x > 1 ಇರುವಾಗ f(x) = 2x + 1, ಇಂಟರ್ವಲ್ [0, 3] ಇರಲಿ. ಎರಡೂ ಸೂತ್ರಗಳ ಡಿರೈವೇಟಿವ್ 1 ರಲ್ಲಿ 2 ಬರುತ್ತದೆ. ‘ಎರಡೂ ಕಡೆ ಒಂದೇ, ಡಿಫರೆನ್ಷಿಯಬಲ್’ ಎಂದು ಬರೆದರೆ ತಪ್ಪು, ಯಾಕೆಂದರೆ ಫಂಕ್ಷನ್ನಿನ ಬೆಲೆ ಎಡದಿಂದ 1 ಕ್ಕೆ, ಬಲದಿಂದ 3 ಕ್ಕೆ ಹೋಗುತ್ತದೆ. ಕಂಟಿನ್ಯೂಯಸ್ ಅಲ್ಲದ ಕಡೆ ಡಿರೈವೇಟಿವ್ ಇರಲು ಸಾಧ್ಯವೇ ಇಲ್ಲ. ಜೋಡಣೆಯ ಬಿಂದುವಿನಲ್ಲಿ ಮೊದಲು ಬೆಲೆ, ಆಮೇಲೆ ಡಿರೈವೇಟಿವ್. ಈ ಕ್ರಮವನ್ನು ನಾನು ಎಂದೂ ತಿರುಗಿಸುವುದಿಲ್ಲ.

ಇದನ್ನು ಗಮನಿಸದೆ ಮುಂದುವರಿದರೆ ಏನಾಗುತ್ತದೆಂದೂ ನೋಡಿ. f(0) = 0, f(3) = 7, ಇಳಿಜಾರು 7/3. ಎಡಭಾಗದಲ್ಲಿ 2c = 7/3, c = 7/6. ಇದು 0 ಮತ್ತು 3 ರ ನಡುವೆಯೇ ಇದೆ, ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ 7/6 ಎಂಬುದು 1 ಕ್ಕಿಂತ ದೊಡ್ಡದು, ಅಲ್ಲಿ x² ಸೂತ್ರ ನಡೆಯುವುದಿಲ್ಲ. ಬಲಭಾಗದಲ್ಲಿ ಡಿರೈವೇಟಿವ್ ಯಾವಾಗಲೂ 2, ಅದು 7/3 ಆಗುವುದಿಲ್ಲ. ಇಲ್ಲೂ c ಇಲ್ಲ. ಆದ್ದರಿಂದ ಸಿಕ್ಕ c ಇಂಟರ್ವಲ್ಲಿನ ಒಳಗಿದ್ದರೆ ಸಾಲದು, ಯಾವ ಸೂತ್ರದಿಂದ ಬಂತೋ ಆ ಸೂತ್ರದ ವ್ಯಾಪ್ತಿಯಲ್ಲೂ ಇರಬೇಕು.

ಷರತ್ತು ತಪ್ಪಿದರೆ c ಸಿಗುವುದೇ ಇಲ್ಲ ಎಂದೂ ತೀರ್ಮಾನಿಸಬೇಡಿ. ಅದೇ [−1, 8] ಮೇಲೆ x^(1/3) ತೆಗೆದುಕೊಂಡರೆ ಇಳಿಜಾರು (2 − (−1))/9, ಮತ್ತೆ 1/3. ಒಳಗಿರುವ 0 ಯಲ್ಲಿ ಸ್ಪರ್ಶರೇಖೆ ನೆಟ್ಟಗೆ ನಿಲ್ಲುವುದರಿಂದ ಡಿರೈವೇಟಿವ್ ಇಲ್ಲ, ಪ್ರಮೇಯದ ಭರವಸೆ ಇಲ್ಲ. ಆದರೂ 1/(3x^(2/3)) = 1/3 ಬಿಡಿಸಿದರೆ x = 1 ಮತ್ತು x = −1 ಬರುತ್ತವೆ. −1 ತುದಿಯಾದ್ದರಿಂದ ಬಿಡಬೇಕು, 1 ಒಳಗಿದೆ. ಇಂಥ ಪ್ರಶ್ನೆಗೆ ಉತ್ತರವನ್ನು ಎರಡು ಬೇರೆ ವಾಕ್ಯಗಳಲ್ಲಿ ಬರೆಯಿಸುತ್ತೇನೆ: ‘0 ಯಲ್ಲಿ f ಡಿಫರೆನ್ಷಿಯಬಲ್ ಅಲ್ಲ, ಹಾಗಾಗಿ ಪ್ರಮೇಯ ಅನ್ವಯಿಸುವುದಿಲ್ಲ. ನೇರವಾಗಿ ಬಿಡಿಸಿದಾಗ x = 1 ರಲ್ಲಿ f'(x) = 1/3 ಆಗುತ್ತದೆ.’