ಡಬ್ಬಿ ತೆರೆದ ದಿನ ಬರೆದಿಡಿ

ರಜೆಗೆಂದು ಬಾಗಲಕೋಟೆಗೆ ಬರುವ ನಮ್ಮ ಹುಡುಗಿಯರು ಕ್ರೀಮು, ಸೀರಮ್ಮು ಎಲ್ಲ ಬಚ್ಚಲುಮನೆಯ ಗೂಡಿನಲ್ಲಿ ಸಾಲಾಗಿ ಇಡುತ್ತಾರೆ. ಅಲ್ಲೇ ಬಿಸಿನೀರಿನ ಹಬೆ, ಅಲ್ಲೇ ಒದ್ದೆ ಕೈ. ಕೇಳಿದರೆ, ‘ಆಯಿ, ಡೇಟ್ ಇನ್ನೂ ಮುಗಿದಿಲ್ಲ ಬಿಡು’ ಅಂತಾರೆ. ಆ ಡೇಟ್ ಮುಚ್ಚಿದ ಡಬ್ಬಿಯ ಲೆಕ್ಕ, ತಾಯಿ! ಮುಚ್ಚಳ ತೆಗೆದ ಮೇಲೆ ಲೆಕ್ಕ ಬೇರೆ.

ಹಿಂದೆ ತಿರುಗಿಸಿ ನೋಡಿ. ಬಾಯಿ ತೆರೆದ ಚಿಕ್ಕ ಡಬ್ಬಿಯ ಚಿತ್ರ, ಅದರಲ್ಲಿ 6 ಅಥವಾ 12 ಅಂತ ಅಂಕಿ, ಪಕ್ಕಕ್ಕೆ ಇಂಗ್ಲಿಷಿನ ಎಂ. ತೆರೆದ ದಿನದಿಂದ ಅಷ್ಟು ತಿಂಗಳು ಅಂತ ಅರ್ಥ, ಕೊಂಡ ದಿನದಿಂದ ಅಲ್ಲ. ಎಲ್ಲ ಡಬ್ಬಿಗಳ ಮೇಲೂ ಈ ಚಿತ್ರ ಇರುವುದಿಲ್ಲ. ಇದ್ದರೆ ಎರಡು ತಾರೀಖಿನಲ್ಲಿ ಯಾವುದು ಮೊದಲು ಬರುತ್ತದೋ ಅದೇ ಕೊನೆ. ಮಾರ್ಚಿನಲ್ಲಿ ತೆರೆದ 12 ತಿಂಗಳ ಕ್ರೀಮಿನ ಮೇಲೆ ಅದೇ ವರ್ಷದ ನವೆಂಬರ್ ಅಂತ ಎಕ್ಸ್‌ಪೈರಿ ಇದ್ದರೆ, ನವೆಂಬರಿಗೇ ಮುಗಿಯಿತು. ಮುಂದಿನ ಮಾರ್ಚಿನವರೆಗೆ ಎಳೆಯಬೇಡಿ.

ತೆರೆದ ದಿನ ಯಾರಿಗೆ ನೆನಪಿರುತ್ತದೆ? ಅದಕ್ಕೇ ನನ್ನ ಟೇಪು. ಔಷಧಿ ಅಂಗಡಿಯಲ್ಲಿ ಗಾಯಕ್ಕೆ ಹಚ್ಚುವ ಬಿಳಿ ಟೇಪು ಸಿಗುತ್ತದಲ್ಲ, ಅದನ್ನು ಬೆರಳಷ್ಟು ಕತ್ತರಿಸಿಕೊಳ್ಳಿ. ಡಬ್ಬಿಯ ಮೈಯನ್ನು ಒಣ ಬಟ್ಟೆಯಿಂದ ಒರೆಸಿ, ಜಿಡ್ಡಿದ್ದರೆ ಟೇಪು ಕೂರುವುದಿಲ್ಲ. ಮಾರ್ಕರಿನಲ್ಲಿ ಮೇಲೆ ತೆರೆದ ತಾರೀಖು, ಕೆಳಗೆ ಬಿಸಾಕುವ ತಿಂಗಳು ಬರೆಯಿರಿ. ಎರಡನ್ನೂ ಬರೆಯಿರಿ, ಆಮೇಲೆ ಬೆರಳು ಮಡಚಿ ಎಣಿಸುತ್ತ ಕೂರುವವರು ಯಾರು? ಮೇಲೊಂದು ಪಾರದರ್ಶಕ ಟೇಪು ಹಚ್ಚಿ, ಇಲ್ಲದಿದ್ದರೆ ಕ್ರೀಮಿನ ಕೈ ತಾಗಿ ಅಕ್ಷರ ಅಳಿಸುತ್ತದೆ. ಮುಚ್ಚಳಕ್ಕೆ ಮಾತ್ರ ಅಂಟಿಸಬೇಡಿ, ಮುಚ್ಚಳ ಅದಲು ಬದಲಾಗುತ್ತದೆ. ಅಚ್ಚಾದ ಎಕ್ಸ್‌ಪೈರಿ ಮುಚ್ಚಿಹೋಗದ ಹಾಗೆ ನೋಡಿ. ನಮ್ಮತ್ತೆ ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಹಾಕಿದ ತಿಂಗಳು ಬರೆಸುತ್ತಿದ್ದರು, ಆ ರೂಢಿ ನನಗೂ ಬಂತು. (ಹಾಗೇ ಮಸಾಲೆ ಖಾರದ ಡಬ್ಬಿಗೂ ಒಣ ಚಮಚವನ್ನೇ ಹಾಕಿ, ಎಷ್ಟು ಸಲ ಹೇಳುವುದು!)

ಅಗಲ ಬಾಯಿಯ ಡಬ್ಬಿಯಿಂದ ಬೆರಳಿನಲ್ಲಿ ತೆಗೆಯಬೇಡಿ. ಒಣ ಚಿಕ್ಕ ಚಮಚ ಸಾಕು. ಇಡುವುದು ಮಲಗುವ ಕೋಣೆಯ ಕಪಾಟಿನಲ್ಲಿ, ಬಿಸಿಲು ಬೀಳದ ಕಡೆ. ನಮ್ಮ ಬೇಸಿಗೆಯಲ್ಲಿ ಸನ್‌ಸ್ಕ್ರೀನನ್ನು ಕಾರಿನಲ್ಲಿ ಬಿಟ್ಟು ಹೋಗುತ್ತೀರಲ್ಲ, ಆ ಕಾವಿಗೆ ಅದು ಉಳಿಯುತ್ತದೆಯೇ?

ಕೆಟ್ಟದ್ದು ಹೇಗೆ ಗೊತ್ತಾಗುತ್ತದೆ? ಕ್ರೀಮಿನಲ್ಲಿ ನೀರು ಒಂದು ಕಡೆ, ಎಣ್ಣೆ ಒಂದು ಕಡೆ ನಿಂತಿದ್ದರೆ, ಹಚ್ಚುವಾಗ ಕಾಳು ಕಾಳಾಗಿ ಹತ್ತಿದರೆ ತೆಗೆದುಹಾಕಿ. ಎಣ್ಣೆಯಂಥದ್ದು ಕಮಟು ವಾಸನೆ ಹೊಡೆಯುತ್ತದೆ. ಬಣ್ಣವಿಲ್ಲದ ವಿಟಮಿನ್ ಸಿ ಸೀರಮ್ಮು ಕಂದು ಬಣ್ಣಕ್ಕೆ ತಿರುಗಿದರೆ ಅದರ ಕಸುವು ಹೋಯಿತು. ಬೂಷ್ಟು ಕಂಡರೆ ಮೇಲಿನದು ತೆಗೆದು ಕೆಳಗಿನದು ಹಚ್ಚುವ ಜಿಪುಣತನ ಬೇಡ, ಅದು ಒಳಗೂ ಇಳಿದಿರುತ್ತದೆ. ವಾಸನೆ ಸರಿಯಿದೆ ಅಂತಲೂ ನಂಬಬೇಡಿ, ಕೆಲವು ಕ್ರಿಮಿಗಳು ವಾಸನೆಯನ್ನೂ ಕೊಡುವುದಿಲ್ಲ, ಬಣ್ಣವನ್ನೂ ಬದಲಿಸುವುದಿಲ್ಲ. ಕಾಡಿಗೆಯಂಥ ಕಣ್ಣಿನ ಸಾಮಾನಿಗಂತೂ ಟೇಪಿನ ಮೇಲಿನ ತಿಂಗಳು ಬಂದ ದಿನವೇ ಕಸದ ಬುಟ್ಟಿ.